ಗಂಜಿ ತೆಳಿಯಿಂದ ಅನ್ನ-ತೊವ್ವೆಯವರೆಗೆ: ಹೊಟ್ಟೆ ಕೆಟ್ಟ ನಮ್ಮ ಮಾಣಿಯ ಊಟದ ಕಥೆ

ಮಗುವಿಗೆ ಜ್ವರದ ಜೊತೆ ಭೇದಿಯೂ ಶುರುವಾದರೆ, ಮನೆಯಲ್ಲಿ ಎಷ್ಟು ಜನ ಇದ್ದಾರೋ ಅದಕ್ಕಿಂತ ಒಂದು ಅಭಿಪ್ರಾಯ ಜಾಸ್ತಿ ಇರುತ್ತದೆ. ಹೊಟ್ಟೆಗೆ ರಜೆ ಕೊಡಿ, ಬರೀ ಗಂಜಿ ತೆಳಿ ಸಾಕು ಅಂತ ಆಯಿ. ಗ್ಲೂಕೋಸ್ ಪುಡಿ ಕಲಸಿ ಕೊಡಿ, ಶಕ್ತಿ ಬರುತ್ತದೆ ಅಂತ ಪಕ್ಕದ ಮನೆಯವರು. ಹಾಲು ಮಾತ್ರ ಮುಟ್ಟಿಸಬೇಡಿ ಅಂತ ಫೋನಿನಲ್ಲಿ ಹೆಂಡತಿಯ ಅಕ್ಕ. ಹಾಲಿಲ್ಲದೆ ಮಗು ಬದುಕುವುದು ಹೇಗೆ ಅಂತ ಅದೇ ಫೋನಿನಲ್ಲಿ ಹಿಂದೆ ನಿಂತಿದ್ದ ಭಾವ. ಇಷ್ಟರ ನಡುವೆ ನಾಲ್ಕು ವರ್ಷದ ಮಾಣಿ ಮಾತ್ರ ಏನೂ ಬೇಡ ಅಂತ ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

ನಾವಿರುವುದು ಶಿರಸಿಯಲ್ಲಿ. ಜುಲೈ ಮಳೆ, ಬಾವಿ ನೀರು ತುಂಬಿ ಕೈಗೆ ಸಿಗುವಷ್ಟು ಮೇಲೆ ಬಂದಿತ್ತು, ಬಣ್ಣವೂ ಸ್ವಲ್ಪ ಕೆಂಪಗಿತ್ತು. ಆ ದಿನಗಳಲ್ಲಿ ನಮ್ಮ ಬೀದಿಯ ಮಕ್ಕಳಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಹೊಟ್ಟೆ ಕೆಡುತ್ತಿತ್ತು. ಮಾಣಿಗೆ ಮೊದಲು ಜ್ವರ ಬಂತು, ಆಮೇಲೆ ವಾಂತಿ, ರಾತ್ರಿಯೊಳಗೆ ನೀರು ನೀರಾಗಿ ಭೇದಿ. ರಕ್ತ ಇರಲಿಲ್ಲ, ಲೋಳೆಯೂ ಇರಲಿಲ್ಲ. ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಬಾಯಿ ಒಣಗಿತ್ತು, ಅತ್ತರೆ ಕಣ್ಣೀರು ಸರಿಯಾಗಿ ಬರುತ್ತಿರಲಿಲ್ಲ, ಆದರೆ ಲೋಟ ತೋರಿಸಿದರೆ ಆಸೆಯಿಂದ ಕೈ ಚಾಚುತ್ತಿದ್ದ. ಡಾಕ್ಟರು ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು ನೋಡಿದರು. ಅದು ಸ್ವಲ್ಪ ನಿಧಾನವಾಗಿ ಮೊದಲಿನ ಹಾಗೆ ಆಯಿತು. ನೀರಿನಂಶ ಕಡಿಮೆಯಾಗಿದೆ, ಆದರೆ ಕುಡಿಯುತ್ತಿದ್ದಾನಲ್ಲ, ಡ್ರಿಪ್ ಬೇಡ, ಇಲ್ಲೇ ಕೂತು ಕುಡಿಸಿ ಅಂದರು. ಆಮೇಲೆ ಅವರು ಹೇಳಿದ ಮಾತಿಗೆ ನಮ್ಮ ಆಯಿ ಒಪ್ಪಲೇ ಇಲ್ಲ. ‘ಮೊದಲ ನಾಲ್ಕು ಗಂಟೆ ಓಆರ್‌ಎಸ್. ಅದು ಮುಗಿದ ಕೂಡಲೇ ಊಟ. ಉಪವಾಸ ಹಾಕಬೇಡಿ.’

ಮೊದಲು ಆ ನಾಲ್ಕು ಗಂಟೆಯ ವಿಷಯ ಹೇಳುತ್ತೇನೆ, ಯಾಕೆಂದರೆ ಅದು ಸರಿಯಾಗದೆ ಊಟದ ಮಾತೇ ಬರುವುದಿಲ್ಲ. ಇಷ್ಟು ಒಣಗಿದ ಮಗುವಿಗೆ ಒಂದು ಕಿಲೋ ತೂಕಕ್ಕೆ 75 ಮಿಲಿ ಲೆಕ್ಕದಲ್ಲಿ ಓಆರ್‌ಎಸ್ ಕುಡಿಸಬೇಕು. ಮಾಣಿಯ ತೂಕ 15 ಕೆಜಿ. ಅಂದರೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ. ಕೇಳಿದಾಗ ಇದು ಆಗುವ ಕೆಲಸ ಅಲ್ಲ ಅನ್ನಿಸಿತು, ಅರ್ಧ ಲೋಟ ಕುಡಿದರೆ ವಾಂತಿ ಮಾಡುವ ಹುಡುಗ ಲೀಟರುಗಟ್ಟಲೆ ಹೇಗೆ ಕುಡಿಯುತ್ತಾನೆ ಅಂತ. ನರ್ಸಮ್ಮ ಚಮಚ ಕೈಗೆ ಕೊಟ್ಟು ಲೆಕ್ಕ ತೋರಿಸಿದರು. ಸಣ್ಣ ಚಮಚದಲ್ಲಿ 5 ಮಿಲಿ ಹಿಡಿಯುತ್ತದೆ. ನಿಮಿಷಕ್ಕೊಂದು ಚಮಚ ಕೊಟ್ಟರೆ ಗಂಟೆಗೆ 300 ಮಿಲಿ. ನಾಲ್ಕು ಗಂಟೆಗೆ 1200. ಲೋಟ ಎತ್ತಿ ಕುಡಿಸಿದರೆ ಹೊಟ್ಟೆ ಒಮ್ಮೆಲೇ ಉಬ್ಬಿ ಹೊರಗೆ ಹಾಕುತ್ತದೆ, ಚಮಚದಲ್ಲಿ ಕೊಟ್ಟರೆ ಒಳಗೆ ಉಳಿಯುತ್ತದೆ. ನಡುವೆ ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು, ಆಮೇಲೆ ಇನ್ನೂ ನಿಧಾನವಾಗಿ, ಎರಡು-ಮೂರು ನಿಮಿಷಕ್ಕೊಂದು ಚಮಚದಂತೆ ಶುರು ಮಾಡುವುದು. ನಾನು ಮತ್ತು ಹೆಂಡತಿ ಸರದಿ ಮೇಲೆ ಕೂತೆವು. ಮಧ್ಯಾಹ್ನದ ಹೊತ್ತಿಗೆ ಮಾಣಿ ಉಚ್ಚೆ ಹೊಯ್ದ. ಅಷ್ಟು ಖುಷಿಯಿಂದ ನಾನು ಯಾರ ಉಚ್ಚೆಯನ್ನೂ ನೋಡಿರಲಿಲ್ಲ.

ಪುಡಿ ಕಲಸುವುದರಲ್ಲಿ ಒಂದೇ ನಿಯಮ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಇನ್ನೂರು ಮಿಲಿಗೆ ಅಂತ ಸಣ್ಣ ಪೊಟ್ಟಣವೂ ಬರುತ್ತದೆ, ಮೇಲೆ ಬರೆದಿರುವುದನ್ನು ಓದಿಯೇ ಹರಿಯಬೇಕು. ಲೋಟಕ್ಕೊಂದು ಚಮಚ ಪುಡಿ ಅಂತ ಅಂದಾಜಿನಲ್ಲಿ ಹಾಕುವುದು ಅಪಾಯ, ಗಟ್ಟಿಯಾದರೆ ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಉಪ್ಪೂ ಏರಬಹುದು. ತೆಳುವಾದರೆ ಉಪಯೋಗ ಇಲ್ಲ. ಕಲಸಿದ್ದು 24 ಗಂಟೆ, ಆಮೇಲೆ ಚೆಲ್ಲಿ ಹೊಸದು.

ಗ್ಲೂಕೋಸ್ ಪುಡಿ ಯಾಕೆ ಬೇಡ ಅಂತ ಪಕ್ಕದ ಮನೆಯವರಿಗೆ ಹೇಳುವುದಕ್ಕೆ ನಾನೇ ಡಾಕ್ಟರನ್ನು ಕೇಳಿಕೊಂಡೆ. ಕರುಳಿನ ಒಳಗೋಡೆಯಲ್ಲಿ ಉಪ್ಪು ಮತ್ತು ಸಕ್ಕರೆ ಜೋಡಿಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಎರಡೂ ಸರಿ ಪ್ರಮಾಣದಲ್ಲಿ ಇದ್ದರೆ ಮಾತ್ರ ಈ ಕೆಲಸ ನಡೆಯುತ್ತದೆ. ಬರೀ ಸಕ್ಕರೆ ಜಾಸ್ತಿಯಾದರೆ ಅದು ಕರುಳಲ್ಲೇ ಉಳಿದು ಮೈಯ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ, ಭೇದಿ ಇನ್ನೂ ನೀರಾಗುತ್ತದೆ. ಡಬ್ಬಿ ಜ್ಯೂಸ್, ಸೋಡಾ, ಕೂಲ್‌ಡ್ರಿಂಕ್ಸ್ ಎಲ್ಲದಕ್ಕೂ ಇದೇ ಮಾತು. ಮೆಡಿಕಲ್‌ಗಳಲ್ಲಿ ಹಣ್ಣಿನ ರುಚಿಯ ಸಿಹಿ ಪಾನೀಯಗಳನ್ನು ಓಆರ್‌ಎಸ್ ಅಂತ ಹೆಸರು ಹಾಕಿ ಎಷ್ಟೋ ವರ್ಷ ಮಾರಿದರು. 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಂಥ ಪಾನೀಯಗಳ ಹೆಸರಲ್ಲಿ ಆ ಪದ ಬಳಸಬಾರದು ಅಂತ ಆದೇಶ ಮಾಡಿತು. ಆದರೂ ಅಂಗಡಿಯಲ್ಲಿ ಕೇಳುವಾಗ ‘ಪುಡಿ ಪೊಟ್ಟಣದ್ದೇ ಕೊಡಿ, ಡಬ್ಲ್ಯುಎಚ್‌ಒ ಫಾರ್ಮುಲಾದ್ದು’ ಅಂತ ಬಾಯಿಬಿಟ್ಟು ಕೇಳುವುದು ಒಳ್ಳೆಯದು.

ಎಳನೀರಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ನಮ್ಮ ಜಿಲ್ಲೆಯಲ್ಲಿ ಅಂತೂ ಕೇಳದೇ ಬಿಡುವುದಿಲ್ಲ. ಕೊಡಬಹುದು, ಆದರೆ ಓಆರ್‌ಎಸ್ ಬದಲಿಗೆ ಅಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಆದರೆ ಭೇದಿಯಲ್ಲಿ ಕಳೆದುಹೋಗುವ ಸೋಡಿಯಂ, ಅಂದರೆ ಉಪ್ಪಿನಂಶ, ಅದರಲ್ಲಿ ತೀರಾ ಕಡಿಮೆ. ಹಾಗಾಗಿ ನಮ್ಮ ಮಾಣಿಗೆ ಓಆರ್‌ಎಸ್ ಬೇಜಾರಾದಾಗ ನಡುನಡುವೆ ಅರ್ಧ ಲೋಟ ಎಳನೀರು ಕೊಟ್ಟೆವು, ಅಷ್ಟೇ.

ಇನ್ನು ಊಟ.

ಆಯಿಯ ಗಂಜಿ ತೆಳಿಗೆ ನಾನು ವಿರೋಧಿ ಅಲ್ಲ. ಬೆಂದ ಅಕ್ಕಿಯ ನೀರು, ಚಿಟಿಕೆ ಉಪ್ಪು, ಬೆಚ್ಚಗೆ. ವಾಂತಿ ಬಂದ ಹೊಟ್ಟೆಗೆ ಅದಕ್ಕಿಂತ ಹಿತವಾದದ್ದು ಇಲ್ಲ. ಅಕ್ಕಿಯ ಪಿಷ್ಟ ಕರುಳಲ್ಲಿ ನಿಧಾನವಾಗಿ ಸಕ್ಕರೆಯಾಗಿ ಒಡೆಯುವುದರಿಂದ ಉಪ್ಪು ಹಾಕಿದ ತೆಳಿಯನ್ನು ಡಾಕ್ಟರುಗಳೂ ಒಪ್ಪುತ್ತಾರೆ. ತೊಂದರೆ ಎಲ್ಲಿ ಅಂದರೆ, ಅಗಳು ಬಿಟ್ಟು ಬರೀ ತೆಳಿಯನ್ನೇ ದಿನಗಟ್ಟಲೆ ಕೊಡುವುದರಲ್ಲಿ. ಮಗು ಕುಡಿಯುತ್ತದೆ, ಹೊಟ್ಟೆ ತುಂಬುತ್ತದೆ, ಆದರೆ ಒಳಗೆ ಹೋದದ್ದು ಬಹುಪಾಲು ನೀರು. ಜ್ವರ ಬಂದ ಮೈ ಸಾಮಾನ್ಯ ದಿನಕ್ಕಿಂತ ಜಾಸ್ತಿ ಶಕ್ತಿ ಕೇಳುತ್ತಿರುತ್ತದೆ, ನಾವು ಕೊಡುವುದು ಕಾಲು ಭಾಗವೂ ಇರುವುದಿಲ್ಲ. ಆಮೇಲೆ ‘ಮಗು ಜ್ವರದಲ್ಲಿ ಇಳಿದುಹೋಯಿತು’ ಅನ್ನುತ್ತೇವೆ. ಅರ್ಧ ಇಳಿದದ್ದು ನಮ್ಮ ಪಥ್ಯದಿಂದ.

ಇನ್ನೊಂದು ಕಾರಣವೂ ಇದೆ, ಅದನ್ನು ಕೇಳಿದ ಮೇಲೆ ಆಯಿ ಸ್ವಲ್ಪ ಮೆತ್ತಗಾದರು. ಸೋಂಕು ಬಂದಾಗ ಕರುಳಿನ ಒಳಪದರ ಕಿತ್ತುಹೋಗಿರುತ್ತದೆ. ಅದು ಹೊಸದಾಗಿ ಬೆಳೆಯಲು ಮೂರರಿಂದ ಐದು ದಿನ ಬೇಕು. ಈ ಪದರಕ್ಕೆ ಪೋಷಣೆ ರಕ್ತದಿಂದಷ್ಟೇ ಬರುವುದಲ್ಲ, ಕರುಳೊಳಗೆ ಹಾದುಹೋಗುವ ಊಟದಿಂದಲೂ ನೇರವಾಗಿ ಸಿಗುತ್ತದೆ. ರಜೆ ಕೊಟ್ಟರೆ ಕರುಳಿಗೆ ವಿಶ್ರಾಂತಿ ಸಿಗುವ ಬದಲು ಹೊಸ ಪದರ ಬೆಳೆಯುವುದೇ ತಡವಾಗುತ್ತದೆ. ಊಟ ಕೊಟ್ಟರೆ ಭೇದಿ ಜಾಸ್ತಿಯಾಗುತ್ತದೆ ಅಂತ ಹೆದರಿಕೆ ಎಲ್ಲರಿಗೂ ಇರುತ್ತದೆ. ತಿಂದ ಕೂಡಲೇ ಒಮ್ಮೆ ಹೋಗಬಹುದು, ನಿಜ. ಆದರೆ ತಿಂದದ್ದೆಲ್ಲಾ ಹಾಗೇ ಹೊರಗೆ ಹೋಗುವುದಿಲ್ಲ, ಹೆಚ್ಚಿನ ಭಾಗ ಮೈಗೆ ಹಿಡಿಯುತ್ತದೆ.

ಹಾಗಾಗಿ ನಮ್ಮನೆಯಲ್ಲಿ ಒಂದು ರಾಜಿ ಆಯಿತು. ಗಂಜಿಯೇ ಮಾಡುವುದು, ಆದರೆ ಅಗಳು ಸಮೇತ. ಅರ್ಧ ಕಪ್ ಬೆಳ್ತಿಗೆ ಅಕ್ಕಿ ನುಚ್ಚು, ಎರಡು ಚಮಚ ಹೆಸರುಬೇಳೆ, ನಾಲ್ಕು ಕಪ್ ನೀರು. ಬೇಳೆಯನ್ನು ಘಂ ಅನ್ನುವವರೆಗೆ ಹುರಿದು, ಎರಡನ್ನೂ ತೊಳೆದು ಕುಕ್ಕರಿಗೆ. ಐದಾರು ಸೀಟಿ. ಆವಿ ತಾನಾಗಿ ಇಳಿದ ಮೇಲೆ ಸೌಟಿನ ಬೆನ್ನಿನಿಂದ ಚೆನ್ನಾಗಿ ಮಸೆಯುವುದು. ಉಪ್ಪು. ಮೊದಲ ಸಲ ಕೊಡುವಾಗ ಸ್ವಲ್ಪ ಬಿಸಿನೀರು ಸೇರಿಸಿ ತೆಳು ಮಾಡಿದೆವು, ಕುಡಿಯುವ ಹಾಗೆ. ಅದು ನಿಂತಿತು ಅಂತ ಆದ ಮೇಲೆ ಮುಂದಿನ ಸಲ ನೀರು ಕಡಿಮೆ. ನಾನು ನೋಡುತ್ತಿದ್ದದ್ದು ಚಮಚ. ಚಮಚ ಓರೆ ಮಾಡಿದರೆ ಗಂಜಿ ಸರ್ರನೆ ಹರಿದುಹೋಗುತ್ತದೆ ಅಂದರೆ ಅದು ಇನ್ನೂ ಕುಡಿಯುವ ಪದಾರ್ಥ. ಅಂಟಿಕೊಂಡು ನಿಧಾನವಾಗಿ ಮುದ್ದೆಯಾಗಿ ಬಿದ್ದರೆ ಅದು ಊಟ. ಮರುದಿನದ ಹೊತ್ತಿಗೆ ಚಮಚಕ್ಕೆ ಅಂಟುವ ಗಂಜಿಗೆ ಬಂದಿರಬೇಕು ಅನ್ನುವುದು ನಮ್ಮ ಗುರಿ.

ಕರಾವಳಿ ಕಡೆ ಇದನ್ನೇ ಕುಚ್ಚಲಕ್ಕಿಯಲ್ಲಿ ಮಾಡುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಅಂಕೋಲಾದ ಗೆಳೆಯನ ಮನೆಯಲ್ಲಿ ಅದು ಪೇಜ್. ಕುಚ್ಚಲಕ್ಕಿ ಒಳ್ಳೆಯದೇ, ಆದರೆ ಬೇಯುವುದಕ್ಕೆ ಸಮಯ ಬೇಕು, ಅಗಳು ಗಟ್ಟಿ ಉಳಿದರೆ ಸಣ್ಣ ಮಕ್ಕಳು ಅಗಿಯದೆ ನುಂಗುತ್ತಾರೆ. ಪೂರ್ತಿ ಕರಗುವ ಹಾಗೆ ಬೇಯಿಸಿ ಮಸೆದರೆ ಯಾವ ಅಕ್ಕಿಯಾದರೂ ಸೈ.

ದೊಡ್ಡ ಜಗಳ ಆದದ್ದು ತುಪ್ಪದ ಮೇಲೆ. ಭೇದಿಯಲ್ಲಿ ಜಿಡ್ಡು ವಿಷ ಅಂತ ಆಯಿ. ಗಂಜಿಗೆ ಒಂದು ಸಣ್ಣ ಚಮಚ ಹಾಕಿ ಅಂತ ಡಾಕ್ಟರು. ಒಂದು ಸಣ್ಣ ಚಮಚ ತುಪ್ಪದಲ್ಲಿ ಸುಮಾರು 45 ಕ್ಯಾಲೊರಿ ಇದೆ, ನಾಲ್ಕೇ ತುತ್ತು ತಿನ್ನುವ ಮಗುವಿಗೆ ಆ ನಾಲ್ಕು ತುತ್ತಿನಲ್ಲಿ ಎಷ್ಟು ಶಕ್ತಿ ತುಂಬಬಹುದು ಅನ್ನುವುದೇ ಪ್ರಶ್ನೆ ಅಲ್ವಾ. ಕರಿದ ತಿಂಡಿ ಬೇರೆ, ಗಂಜಿಗೆ ಬಿದ್ದ ಚಮಚ ತುಪ್ಪ ಬೇರೆ. ಆಯಿ ಕಡೆಗೂ ಹಾಕಿದರು, ಆದರೆ ಚಮಚ ತುಂಬಾ ಸಣ್ಣದು ಆರಿಸಿದರು.

ತಿನ್ನಿಸುವುದರಲ್ಲಿ ಹೊತ್ತು ನೋಡುವುದು ಬಹಳ ಮುಖ್ಯ. ಜ್ವರ 102 ಇರುವಾಗ ಯಾವ ಮಗುವೂ ಬಾಯಿ ತೆರೆಯುವುದಿಲ್ಲ. ಡಾಕ್ಟರು ತೂಕ ನೋಡಿ ಬರೆದುಕೊಟ್ಟ ಪ್ಯಾರಾಸಿಟಮಾಲ್ ಹಾಕಿ ಮುಕ್ಕಾಲು ಗಂಟೆಗೆ ಮೈ ಬೆವರಿ, ಕಣ್ಣು ಸ್ವಲ್ಪ ಚುರುಕಾಗಿ, ಎದ್ದು ಕೂತು ಏನಾದರೂ ಕೇಳುತ್ತದೆ. ಆಗ ಒಂದೆರಡು ಗಂಟೆ ಸಿಗುತ್ತದೆ. ಗಂಜಿ ಆಗ ರೆಡಿ ಇರಬೇಕು, ಆಗ ಒಲೆ ಹಚ್ಚಿದರೆ ತಡವಾಯಿತು. ನಾವು ಔಷಧಿ ಹಾಕುವಾಗಲೇ ಕುಕ್ಕರ್ ಇಡುತ್ತಿದ್ದೆವು. ಒಂದು ಸಲಕ್ಕೆ ಐದಾರು ಚಮಚ, ಮತ್ತೆ ಎರಡು-ಮೂರು ಗಂಟೆಗೆ ಇನ್ನಷ್ಟು. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ. ಮೂಗು ಹಿಡಿದು ತುರುಕಿದರೆ ವಾಂತಿಯೇ ಬರುವುದು, ಮುಂದಿನ ಸಲ ಚಮಚ ಕಂಡರೆ ಓಡುತ್ತದೆ.

ಗಂಜಿಯ ಜೊತೆ ನಮ್ಮಲ್ಲಿ ಕೆಲಸ ಮಾಡಿದ್ದು ಬಾಳೆಕಾಯಿ. ಹಿತ್ತಲಲ್ಲಿ ಗೊನೆ ಇತ್ತು. ಸಿಪ್ಪೆ ಸಮೇತ ಬೇಯಿಸಿ, ಸಿಪ್ಪೆ ತೆಗೆದು, ಒಳಗಿನದ್ದನ್ನು ಕೈಯಲ್ಲಿ ಮಸೆದು ಗಂಜಿಗೆ ಕಲಸಿದೆವು. ರುಚಿಯೂ ಜಾಸ್ತಿ ಬದಲಾಗುವುದಿಲ್ಲ, ಗಂಜಿ ಗಟ್ಟಿಯಾಗುತ್ತದೆ. ಇದು ಬರೀ ಅಜ್ಜಿ ಮದ್ದು ಅಂತ ನಾನು ಅಂದುಕೊಂಡಿದ್ದೆ, ಆದರೆ ಬಾಂಗ್ಲಾದೇಶದಲ್ಲಿ ಭೇದಿಯಾದ ಮಕ್ಕಳಿಗೆ ಬೇಯಿಸಿದ ಬಾಳೆಕಾಯಿಯನ್ನು ಅನ್ನದ ಊಟದ ಜೊತೆ ಕೊಟ್ಟು ಅಧ್ಯಯನ ಮಾಡಿದ್ದಾರೆ, ಭೇದಿ ಬೇಗ ಕಡಿಮೆಯಾಗಿದೆ. ಬಾಳೆಕಾಯಿಯ ಪಿಷ್ಟ ಸಣ್ಣ ಕರುಳಲ್ಲಿ ಪೂರ್ತಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ಹುಳಿಬರಿಸಿದಾಗ ಬರುವ ಆಮ್ಲಗಳು ದೊಡ್ಡ ಕರುಳು ಉಪ್ಪು-ನೀರು ಹೀರುವುದಕ್ಕೆ ಸಹಾಯ ಮಾಡುತ್ತವೆ. ಹಣ್ಣಾದ ಬಾಳೆಯನ್ನೂ ಕೊಡಬಹುದು. ಆದರೆ ಬಾಳೆಹಣ್ಣು, ಅನ್ನ, ಬ್ರೆಡ್ಡು ಇಷ್ಟನ್ನೇ ವಾರವಿಡೀ ಕೊಡುವ ಪಥ್ಯ ಒಂದು ಇತ್ತಲ್ಲ, ಅದನ್ನು ಈಗ ಮಕ್ಕಳ ಡಾಕ್ಟರುಗಳು ಹೇಳುವುದಿಲ್ಲ. ಅದರಲ್ಲಿ ಪ್ರೋಟೀನೂ ಕಡಿಮೆ, ಜಿಡ್ಡೂ ಕಡಿಮೆ.

ಪ್ರೋಟೀನ್ ವಿಷಯಕ್ಕೆ ಅಂಕೋಲಾದ ಗೆಳೆಯ ನಮ್ಮನ್ನು ನೋಡಿ ನಕ್ಕ. ಅವರ ಮನೆಯಲ್ಲಿ ಮಗು ಪೇಜ್ ಕುಡಿಯಲು ಶುರು ಮಾಡಿದ ಮರುದಿನವೇ ಮುಳ್ಳು ತೆಗೆದ ಮೀನನ್ನು ಅರಿಶಿನ, ಉಪ್ಪು ಹಾಕಿ ಬೇಯಿಸಿ, ಪೇಜಿನಲ್ಲಿ ಹಿಸುಕಿ ಕೊಡುತ್ತಾರಂತೆ. ಖಾರ ಇಲ್ಲ, ಎಣ್ಣೆಯಲ್ಲಿ ಹುರಿದದ್ದಲ್ಲ. ತಾಜಾ ಮೀನಾದರೆ ಇದರಲ್ಲಿ ಏನೂ ತಪ್ಪಿಲ್ಲ, ಮೊಟ್ಟೆ ತಿನ್ನುವವರು ಚೆನ್ನಾಗಿ ಬೆಂದ ಮೊಟ್ಟೆಯನ್ನೂ ಕೊಡಬಹುದು. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯದ ದಿನಗಳಲ್ಲಿ ಐಸ್ ಪೆಟ್ಟಿಗೆಯ ಮೀನು ಮಾತ್ರ ಬೇಡ ಅಂತ ಅವನೇ ಹೇಳಿದ. ನಮ್ಮದು ಸಸ್ಯಾಹಾರದ ಮನೆ, ಹಾಗಾಗಿ ಹೆಸರುಬೇಳೆ ಮತ್ತು ಮೊಸರಿನ ಮೇಲೇ ಗಾಡಿ ಓಡಿತು.

ಮೊಸರು ಅಂದ ಕೂಡಲೇ ಹಾಲಿನ ಕಥೆ ಬರುತ್ತದೆ.

ಜ್ವರ ಬಿಟ್ಟಿತ್ತು. ಭೇದಿಯೂ ದಿನಕ್ಕೆ ಒಂದೆರಡಕ್ಕೆ ಇಳಿದಿತ್ತು. ನೋಡಲು ಬಂದ ಭಾವ, ಮಗು ಬಡವಾಗಿದೆ ಅಂತ ಮರುಗಿ, ದೊಡ್ಡ ಲೋಟ ಹಾಲಿಗೆ ಎರಡು ಚಮಚ ಸಕ್ಕರೆ ಹಾಕಿ ಕುಡಿಸಿದರು, ಸಂಜೆಗೆ ಇನ್ನೊಂದು ಲೋಟ. ರಾತ್ರಿ ಹೊಟ್ಟೆ ಗುಡುಗುಡು ಶುರು. ಆಮೇಲೆ ಬಂದ ಭೇದಿ ಮೊದಲಿನ ಹಾಗಿರಲಿಲ್ಲ. ಗಾಳಿಯ ಜೊತೆ ಸಿಡಿದ ಹಾಗೆ, ನೊರೆ ನೊರೆ, ಹುಳಿ ವಾಸನೆ. ಕುಂಡೆ ಸುತ್ತ ಚರ್ಮ ಕೆಂಪಾಗಿ, ನೀರು ತಾಗಿದರೆ ಕಿರುಚುತ್ತಿದ್ದ. ಜ್ವರ ಮಾತ್ರ ಇರಲಿಲ್ಲ, ಮಾಣಿ ಆಡಿಕೊಂಡೇ ಇದ್ದ. ಸೋಂಕು ಮರುಕಳಿಸಿತು ಅಂತ ನಮಗೆ ಗಾಬರಿ. ಡಾಕ್ಟರು ಫೋನಿನಲ್ಲಿ ಕೇಳಿದ್ದು ಮೂರೇ ಪ್ರಶ್ನೆ: ನೊರೆ ಇದೆಯಾ, ಚರ್ಮ ಕೆಂಪಾಗಿದೆಯಾ, ಹಾಲು ಕೊಟ್ಟಿರಾ. ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನುವ ಸಕ್ಕರೆಯನ್ನು ಒಡೆಯುವ ಕಿಣ್ವ ಕರುಳಿನ ಒಳಪದರದ ತುದಿಯಲ್ಲೇ ಇರುತ್ತದೆ. ಪದರ ಕಿತ್ತುಹೋದಾಗ ಮೊದಲು ಹೋಗುವುದು ಅದೇ, ಎಲ್ಲಕ್ಕಿಂತ ಕೊನೆಗೆ ವಾಪಸ್ ಬರುವುದೂ ಅದೇ. ಒಡೆಯದ ಸಕ್ಕರೆ ಕೆಳಗೆ ಹೋಗಿ ಹುಳಿಯುತ್ತದೆ, ಗಾಳಿ ಮತ್ತು ಆಮ್ಲ ಆಗುತ್ತದೆ. ಆ ಆಮ್ಲವೇ ಚರ್ಮ ಸುಡುವುದು.

ಇದು ಎಲ್ಲಾ ಮಕ್ಕಳಿಗೂ ಆಗುವುದಿಲ್ಲ, ಅದನ್ನು ಒತ್ತಿ ಹೇಳಬೇಕು. ಭೇದಿ ಬಂತು ಅಂತ ಮುಂಚಿತವಾಗಿ ಹಾಲು ನಿಲ್ಲಿಸುವ ಅಗತ್ಯ ಇಲ್ಲ, ಎದೆಹಾಲನ್ನಂತೂ ಯಾವ ಕಾರಣಕ್ಕೂ ನಿಲ್ಲಿಸಬಾರದು, ಕೇಳಿದಷ್ಟು ಸಲ ಕೊಡಬೇಕು. ಬಾಟಲಿ ಹಾಲಿನ ಮೇಲೇ ಇರುವ ಸಣ್ಣ ಕೂಸಾದರೆ ಡಾಕ್ಟರನ್ನು ಕೇಳದೆ ಏನೂ ಬದಲಾಯಿಸಬಾರದು. ಹಾಲು ಕೊಟ್ಟ ಮೇಲೆ ನೊರೆ, ಸಿಡಿತ, ಕೆಂಪು ಈ ಮೂರೂ ಒಟ್ಟಿಗೆ ಕಂಡರೆ ಮಾತ್ರ ಹಾಲನ್ನು ಕೆಲವು ದಿನ ಬದಿಗಿಡುವುದು. ನಾವು ಲೋಟದ ಹಾಲು ನಿಲ್ಲಿಸಿ, ಮೊಸರನ್ನೇ ಮುಂದುವರಿಸಿದೆವು. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಪಾಲನ್ನು ತಾವೇ ತಿಂದಿರುತ್ತವೆ, ಹಾಗಾಗಿ ಮೊಸರು, ಮಜ್ಜಿಗೆ ಈ ಹೊಟ್ಟೆಗೆ ಹಿಡಿಸುತ್ತದೆ. ಕುಂಡೆಗೆ ಪ್ರತಿ ಸಲ ಬೆಚ್ಚಗಿನ ನೀರಲ್ಲಿ ತೊಳೆದು, ಒತ್ತಿ ಒರೆಸಿ, ತೆಂಗಿನೆಣ್ಣೆ. ಒಂದೆರಡು ದಿನದಲ್ಲೇ ನೊರೆ ಹೋಯಿತು. ಆಮೇಲೆ ಹಾಲನ್ನು ಮತ್ತೆ ಶುರು ಮಾಡುವಾಗ ಲೋಟದಲ್ಲಿ ಕೊಡದೆ, ಗಂಜಿಗೆ ಎರಡು ಚಮಚ ಕಲಸಿ, ಮರುದಿನ ಅರ್ಧ ಬಟ್ಟಲು ಹೀಗೆ ಹತ್ತಿಸಿದೆವು.

ಈ ಹೊತ್ತಿನಲ್ಲಿ ಆಯಿಗೆ ತಮ್ಮ ಹಕ್ಕಿನ ಜಾಗ ಸಿಕ್ಕಿತು, ತಂಬುಳಿ. ದಾಳಿಂಬೆ ಸಿಪ್ಪೆ ಒಣಗಿಸಿ ಇಟ್ಟಿದ್ದರು. ಬೆರಳುಗುರಿನಷ್ಟು ಚೂರು, ಜೀರಿಗೆ, ತುಪ್ಪದಲ್ಲಿ ಹುರಿದು, ಸ್ವಲ್ಪ ತೆಂಗಿನಕಾಯಿ ಜೊತೆ ನುಣ್ಣಗೆ ರುಬ್ಬಿ, ತೆಳು ಮಜ್ಜಿಗೆಗೆ ಕಲಸಿ, ಉಪ್ಪು. ಮಾಮೂಲಿಗೆ ಹಾಕುವ ಕಾಳುಮೆಣಸು, ಹಸಿಮೆಣಸು ಬಿಟ್ಟರು. ಅನ್ನಕ್ಕೆ ಕಲಸಿದರೆ ಸ್ವಲ್ಪ ಒಗರು, ಆದರೆ ಮಾಣಿಗೆ ಎಷ್ಟೋ ದಿನದ ಮೇಲೆ ರುಚಿ ಅಂತ ಏನೋ ಸಿಕ್ಕಿದ್ದು ಅದೇ. ಎರಡನೇ ಸಲ ಕೇಳಿ ಹಾಕಿಸಿಕೊಂಡ. ಅದು ಭೇದಿ ನಿಲ್ಲಿಸಿತೋ ಇಲ್ಲವೋ ನಾನು ವಾದ ಮಾಡುವುದಿಲ್ಲ, ಅನ್ನ ಒಳಗೆ ಇಳಿಸಿತು.

ಮಾಮೂಲಿ ಊಟಕ್ಕೆ ಯಾವಾಗ ಬರುವುದು? ಎಲ್ಲರೂ ಕಾಯುವುದು ಗಟ್ಟಿಯಾಗಿ ಹೋಗುವುದನ್ನು. ಅದು ತಪ್ಪು ಗುರುತು. ಮೆತ್ತಗೆ ಹೋಗುವುದು ಒಂದು ವಾರ, ಕೆಲವು ಮಕ್ಕಳಿಗೆ ಅದಕ್ಕಿಂತ ಜಾಸ್ತಿಯೂ ಇರುತ್ತದೆ. ಅಲ್ಲಿಯವರೆಗೆ ಗಂಜಿಯಲ್ಲೇ ಇಟ್ಟರೆ ಮಗು ಸೊರಗುತ್ತದೆ. ನಾವು ನೋಡಿದ ಗುರುತು ಬೇರೆ. ವಾಂತಿ ನಿಂತಿದೆಯಾ. ಉಚ್ಚೆ ಸರಿಯಾಗಿ, ತಿಳಿ ಬಣ್ಣದಲ್ಲಿ ಹೋಗುತ್ತಿದೆಯಾ. ಭೇದಿ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆಯಾ. ಮತ್ತು ಎಲ್ಲಕ್ಕಿಂತ ಮೇಲಾಗಿ, ಮಗು ತಾನಾಗಿ ಅಡುಗೆಮನೆಗೆ ಬಂದು ಏನಾದರೂ ಕೇಳುತ್ತಿದೆಯಾ. ಮಾಣಿ ಒಂದು ಬೆಳಿಗ್ಗೆ ನಮ್ಮ ತಟ್ಟೆಯ ತೆಳ್ಳೇವಿಗೆ, ಅಂದರೆ ತೆಳು ದೋಸೆಗೆ, ಕೈ ಹಾಕಿದ. ಅವತ್ತಿನಿಂದ ಗಂಜಿ ಬಂದ್.

ಅಲ್ಲಿಂದ ಮುಂದೆ ಬಹಳ ಲೆಕ್ಕಾಚಾರ ಬೇಕಾಗಲಿಲ್ಲ. ಬೆಳಿಗ್ಗೆ ಎಣ್ಣೆ ಸವರಿದ ತೆಳ್ಳೇವು ಅಥವಾ ಇಡ್ಲಿ. ಮಧ್ಯಾಹ್ನ ಮೆತ್ತಗಿನ ಅನ್ನ, ಹೆಸರುಬೇಳೆ ತೊವ್ವೆ, ತುಪ್ಪ, ಮೊಸರು. ಸಂಜೆ ಬಾಳೆಹಣ್ಣು. ರಾತ್ರಿ ಕುಂಬಳಕಾಯಿ ಅಥವಾ ಕ್ಯಾರೆಟ್ ಬೇಯಿಸಿ ಹಿಸುಕಿದ ಅನ್ನ. ಒಂದು ಹೊಸ ಪದಾರ್ಥ ಒಂದು ದಿನಕ್ಕೆ, ಅಷ್ಟೇ ನಮ್ಮ ನಿಯಮ. ಏನಾದರೂ ಹಿಡಿಸದಿದ್ದರೆ ಯಾವುದು ಅಂತ ಗೊತ್ತಾಗುತ್ತದೆ. ತಡವಾಗಿ ಬಂದದ್ದು ಕರಿದ ಹಲಸಿನ ಹಪ್ಪಳ, ಸಿಹಿತಿಂಡಿ, ಖಾರದ ಸಾಂಬಾರು, ಹಸಿ ತರಕಾರಿ. ಹಪ್ಪಳದ ಡಬ್ಬಿಯನ್ನು ಅಟ್ಟದ ಮೇಲೆ ಇಡಬೇಕಾಯಿತು, ಮಳೆಗಾಲದಲ್ಲಿ ಶಿರಸಿಯ ಹುಡುಗನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಊಟ ಮಾಮೂಲಿಗೆ ಬಂದ ಮೇಲೆ ಎಲ್ಲರೂ ಮರೆಯುವ ಒಂದು ಕೆಲಸ ಇದೆ. ಮುಂದಿನ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ ಕೊಡಬೇಕು. ಕಳೆದುಕೊಂಡ ತೂಕ ಮಾಮೂಲಿ ಊಟದಿಂದ ಬೇಗ ವಾಪಸ್ ಬರುವುದಿಲ್ಲ. ಈ ದಿನಗಳಲ್ಲಿ ಮಕ್ಕಳಿಗೆ ಹಸಿವೂ ಜಾಸ್ತಿ ಇರುತ್ತದೆ. ನಾವು ಶಾಲೆಯಿಂದ ಬಂದ ಕೂಡಲೇ ತುಪ್ಪ-ಬೆಲ್ಲದ ಗೋಧಿ ಪಾಯಸವೋ, ಮೊಸರನ್ನವೋ ಒಂದು ಬಟ್ಟಲು ಕೊಡುತ್ತಿದ್ದೆವು. ಅದನ್ನು ತಿಂಡಿ ಅಂತ ಕರೆಯುತ್ತಿದ್ದೆವು, ಊಟ ಅಂದರೆ ಬೇಡ ಅನ್ನುತ್ತಿದ್ದ.

ಜಿಂಕ್ ಮಾತ್ರೆಯೂ ಹಾಗೇ. ಆರು ತಿಂಗಳು ಮೀರಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಾಲ್ಕನೇ ದಿನಕ್ಕೇ ನಿಂತರೂ ಬಾಕಿ ದಿನ ಮುಗಿಸಬೇಕು, ಕರುಳಿನ ಪದರ ಬೆಳೆಯುವುದಕ್ಕೂ, ಮುಂದಿನ ಕೆಲವು ತಿಂಗಳು ಮತ್ತೆ ಭೇದಿ ಬರದಂತೆ ತಡೆಯುವುದಕ್ಕೂ ಅದು ಬೇಕು. ಮಾತ್ರೆಯನ್ನು ಚಮಚ ನೀರಿನಲ್ಲಿ ಕರಗಿಸಿ ಕೊಡುವುದು. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಬರುತ್ತದೆ, ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ ಮಾಡುವ ಸಂಭವ ಜಾಸ್ತಿ, ಊಟದ ಮೇಲೆ ಕೊಟ್ಟರೆ ನಿಲ್ಲುತ್ತದೆ. ಭೇದಿ ನಿಲ್ಲಿಸುವ ಮಾತ್ರೆಯನ್ನು ದೊಡ್ಡವರು ತೆಗೆದುಕೊಳ್ಳುತ್ತಾರಲ್ಲ, ಅದನ್ನು ಅರ್ಧ ಮಾಡಿ ಮಕ್ಕಳಿಗೆ ಕೊಡುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಅದು ಕರುಳನ್ನೇ ನಿಲ್ಲಿಸಿಬಿಡುತ್ತದೆ, ಮಕ್ಕಳಿಗೆ ಅಪಾಯ, ಕೊಡಲೇಬಾರದು.

ಈ ಎಲ್ಲಾ ಗಂಜಿ-ತಂಬುಳಿ ಮಾತು ಮಗು ಕುಡಿಯುತ್ತಿರುವಾಗ, ಎಚ್ಚರವಾಗಿರುವಾಗ ಮಾತ್ರ. ಕುಡಿದದ್ದೆಲ್ಲಾ ವಾಂತಿ ಮಾಡಿದರೆ, ಆರೆಂಟು ಗಂಟೆ ಉಚ್ಚೆ ಹೋಗದಿದ್ದರೆ, ಕಣ್ಣು ಗುಳಿಬಿದ್ದು ಕರೆದರೂ ಮಂಪರಿನಲ್ಲೇ ಇದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ ಒಲೆ ಆರಿಸಿ ಆಸ್ಪತ್ರೆಗೆ ಹೊರಡುವುದು. ರಾತ್ರಿಯಾದರೂ ಸರಿ, ಬೆಳಗಾಗಲಿ ಅಂತ ಕಾಯಬಾರದು. ವರ್ಷದೊಳಗಿನ ಕೂಸಾದರೆ ಇಷ್ಟೆಲ್ಲಾ ಆಗುವವರೆಗೂ ಕಾಯದೆ ಮೊದಲ ದಿನವೇ ತೋರಿಸುವುದು. ದಾರಿಯುದ್ದಕ್ಕೂ ಚಮಚದಲ್ಲಿ ಓಆರ್‌ಎಸ್ ಕೊಡುತ್ತಲೇ ಇರಬೇಕು, ನಮ್ಮ ಘಟ್ಟದ ಹಳ್ಳಿಗಳಿಂದ ಪೇಟೆಗೆ ಬರುವಷ್ಟರಲ್ಲಿ ಗಂಟೆ ಹೊತ್ತು ಹೋಗುತ್ತದೆ. ಭೇದಿ ನಿಂತ ಮೇಲೂ ಜ್ವರ ಬಿಡದೇ ಇದ್ದರೆ ಅದು ಹೊಟ್ಟೆಯದ್ದೇ ಅಂತ ಸುಮ್ನೆ ಕೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಿ ಡೆಂಗಿ, ಇಲಿ ಜ್ವರ ಎರಡೂ ನಮ್ಮ ಕಡೆ ಇವೆ. ಎರಡು ವಾರ ದಾಟಿಯೂ ಭೇದಿ ನಡೆದರೆ ಅದು ಬೇರೆಯೇ ವಿಷಯ, ಅದಕ್ಕೆ ಬೇರೆ ಪರೀಕ್ಷೆ, ಬೇರೆ ಪಥ್ಯ.

ಶಾಲೆಗೆ ಕಳಿಸುವುದು ಭೇದಿ ಪೂರ್ತಿ ನಿಂತು 48 ಗಂಟೆ ಆದ ಮೇಲೆ. ಮಾಣಿಯ ಮೊದಲ ದಿನದ ಡಬ್ಬಿಗೆ ಇಡ್ಲಿ ಮತ್ತು ತುಪ್ಪ ಹಾಕಿದೆವು, ಬಾಟಲಿಗೆ ಕುದಿಸಿದ ನೀರು. ಸಂಜೆ ಡಬ್ಬಿ ಖಾಲಿಯಾಗಿತ್ತು. ಇಡ್ಲಿ ಗೆಳೆಯನಿಗೆ ಕೊಟ್ಟು ಅವನ ಚಕ್ಕುಲಿ ತಿಂದನಂತೆ. ಹೊಟ್ಟೆಗೆ ಏನೂ ಆಗಲಿಲ್ಲ.